ನಲವತ್ತು ಅಂಕ, ಐದು ಪಾಠ: ಅರ್ಧವಾರ್ಷಿಕ ಪತ್ರಿಕೆಗೆ ನಾನು ನೀಲನಕ್ಷೆ ಹಾಕುವ ರೀತಿ

ಪ್ರಶ್ನೆಪತ್ರಿಕೆ ಮುಗಿಸಿ, ಆಮೇಲೆ ಅದಕ್ಕೆ ಹೊಂದುವಂತೆ ಒಂದು ನೀಲನಕ್ಷೆ ಬರೆದು ಪಿನ್ ಹೊಡೆದು ಕೊಡುವುದು ನಮ್ಮ ಶಿಕ್ಷಕರ ವಲಯದಲ್ಲಿ ಹೊಸದೇನಲ್ಲ. ಕಾಗದದ ಮೇಲೆ ಮೊತ್ತ ಸರಿಯಾಗೇ ಇರುತ್ತದೆ. ಆದರೆ ಹಾಗೆ ಮಾಡಿದ ಪತ್ರಿಕೆಯನ್ನು ಬಿಡಿಸಿ ನೋಡಿದರೆ ಶಿಕ್ಷಕರಿಗೆ ಇಷ್ಟವಾದ ಪಾಠದಿಂದ ಹದಿಮೂರು ಹದಿನಾಲ್ಕು ಅಂಕ, ತರಾತುರಿಯಲ್ಲಿ ಮುಗಿಸಿದ ಪಾಠದಿಂದ ಮೂರೋ ನಾಲ್ಕೋ. ನಾನು ಒಂದು ಪ್ರಶ್ನೆಯನ್ನೂ ಬರೆಯುವ ಮೊದಲೇ ಕೋಷ್ಟಕ ತುಂಬುತ್ತೇನೆ. ಒಂಬತ್ತನೇ ತರಗತಿ ವಿಜ್ಞಾನದ ಒಂದು ಅರ್ಧವಾರ್ಷಿಕ ಪತ್ರಿಕೆಗೆ ಅದನ್ನು ಹೇಗೆ ಮಾಡಿದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಪತ್ರಿಕೆ 40 ಅಂಕದ್ದು, ಸಮಯ ಒಂದೂವರೆ ಗಂಟೆ. ಐದು ಪಾಠ: ನಮ್ಮ ಸುತ್ತಲಿನ ದ್ರವ್ಯಗಳು, ದ್ರವ್ಯಗಳು ಶುದ್ಧವೇ, ಜೀವದ ಮೂಲ ಘಟಕ, ಅಂಗಾಂಶಗಳು, ಚಲನೆ. ಯಾವ ಪಾಠಕ್ಕೆ ಎಷ್ಟು ಅಂಕ ಎಂಬುದಕ್ಕೆ ನಾನು ನಂಬುವುದು ಪಾಠ ಹಂಚಿಕೆಯ ಪೀರಿಯಡ್ ಲೆಕ್ಕವನ್ನು. ಪುಟಗಳನ್ನು ಎಣಿಸುವುದಿಲ್ಲ. ಚಿತ್ರ ಹೆಚ್ಚಿದ್ದರೆ ಪುಟ ಹೆಚ್ಚುತ್ತದೆ, ಕಲಿಸುವುದು ಹೆಚ್ಚಬೇಕೆಂದಿಲ್ಲ. ಈ ಐದಕ್ಕೆ ಕ್ರಮವಾಗಿ 8, 10, 10, 10, 12, ಒಟ್ಟು 50 ಪೀರಿಯಡ್. ಪಾಠದ ಪೀರಿಯಡ್ಡನ್ನು 50ರಿಂದ ಭಾಗಿಸಿ 40ರಿಂದ ಗುಣಿಸಿದರೆ 6.4, 8, 8, 8, 9.6 ಬರುತ್ತದೆ. ಇದನ್ನು 6, 8, 8, 8, 10 ಎಂದು ಮಾಡಿಕೊಂಡೆ. ಹೀಗೆ ಪೂರ್ಣಾಂಕ ಮಾಡುವಾಗ ಮೊತ್ತ 39ಕ್ಕೋ 41ಕ್ಕೋ ಹೋಗುವುದುಂಟು. ಆಗ ದಶಮಾಂಶದ ಭಾಗ ಅರ್ಧಕ್ಕೆ ಅತಿ ಹತ್ತಿರ ಇರುವ ಪಾಠದಲ್ಲಿ ಒಂದು ಅಂಕ ಸರಿಪಡಿಸುತ್ತೇನೆ, ಏಕೆಂದರೆ ಅಲ್ಲಿ ಬದಲಾದರೆ ಪ್ರಮಾಣ ಕೆಡುವುದು ಕಡಿಮೆ.

ಇನ್ನೊಂದು ಕಡೆಯಿಂದ ಪ್ರಶ್ನೆಗಳ ಸ್ವರೂಪ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಬಹು ಆಯ್ಕೆ 5, ಒಂದು ವಾಕ್ಯದಲ್ಲಿ ಉತ್ತರಿಸುವವು 5, ಎರಡು ಅಂಕದವು 5, ಮೂರು ಅಂಕದವು 4, ನಾಲ್ಕು ಅಂಕದವು 2. ಒಟ್ಟು 21 ಪ್ರಶ್ನೆ, 5+5+10+12+8 ಸೇರಿ 40. ಸಮಯವನ್ನೂ ಇಲ್ಲೇ ನೋಡಿಬಿಡುತ್ತೇನೆ: ಒಂದು ಅಂಕದ್ದಕ್ಕೆ ಒಂದು ನಿಮಿಷ, ಎರಡಕ್ಕೆ ನಾಲ್ಕು, ಮೂರಕ್ಕೆ ಆರು, ನಾಲ್ಕಕ್ಕೆ ಒಂಬತ್ತು ಎಂದು ಹಿಡಿದರೆ 72 ನಿಮಿಷ. ಪತ್ರಿಕೆ ಓದಲು, ನಿಧಾನಕ್ಕೆ ಬರೆಯುವ ಮಕ್ಕಳಿಗೆ, ಕೊನೆಯಲ್ಲಿ ಒಮ್ಮೆ ಕಣ್ಣಾಡಿಸಲು 18 ನಿಮಿಷ ಉಳಿಯುತ್ತದೆ.

ಅಡ್ಡಸಾಲಿಗೆ ಪಾಠದ ಅಂಕ ಕಟ್ಟುನಿಟ್ಟು, ಕಂಬಸಾಲಿಗೆ ಪ್ರಶ್ನೆಯ ಸಂಖ್ಯೆ ಕಟ್ಟುನಿಟ್ಟು. ನಡುವಿನ ಮನೆಗಳನ್ನು ತುಂಬುವಾಗಲೇ ಸಿಕ್ಕುಬೀಳುವುದು. ನಮ್ಮ ಶಾಲೆಗೆ ಹೊಸದಾಗಿ ಬಂದ ಶಿಕ್ಷಕಿಯೊಬ್ಬರು ಇದೇ ಕೋಷ್ಟಕವನ್ನು ತುಂಬಲು ಕೂತು, ಸ್ವಲ್ಪ ಹೊತ್ತಿಗೆ "ಮೇಡಂ, ಎಲ್ಲಾ ಸರಿ ಇದೆ, ಆದ್ರೆ ಕೂರ್ತಾ ಇಲ್ಲ" ಎಂದು ಹಾಳೆ ತಂದರು. ಅವರು ಸಮಾನವಾಗಿ ಹಂಚುವ ಮನಸ್ಸಿನಿಂದ ಪ್ರತಿ ಪಾಠಕ್ಕೂ ಒಂದು ಬಹು ಆಯ್ಕೆ, ಒಂದು ಒಂದು ವಾಕ್ಯದ್ದು, ಒಂದು ಎರಡು ಅಂಕದ್ದು ಕೊಟ್ಟಿದ್ದರು. ಪಾಠಕ್ಕೆ ನಾಲ್ಕು ಅಂಕ ಹೋಯಿತು. ಉಳಿದದ್ದು 2, 4, 4, 4, 6. ಕೈಯಲ್ಲಿ ಉಳಿದ ಪ್ರಶ್ನೆಗಳು ನಾಲ್ಕು ಮೂರು ಅಂಕದವು, ಎರಡು ನಾಲ್ಕು ಅಂಕದವು. ಚಲನೆಯ 6ಕ್ಕೆ ಎರಡು ಮೂರಂಕದವು ಕೂರುತ್ತವೆ. ಎರಡು 4ಗಳಿಗೆ ನಾಲ್ಕಂಕದವು ಕೂರುತ್ತವೆ. ಇನ್ನೊಂದು 4ಕ್ಕೂ ಮೊದಲ ಪಾಠದ 2ಕ್ಕೂ ಉಳಿದ ಎರಡು ಮೂರಂಕದ ಪ್ರಶ್ನೆಗಳಲ್ಲಿ ಯಾವುದೂ ಕೂರುವುದಿಲ್ಲ. ಮೊತ್ತ ಆರಕ್ಕೆ ಆರೇ ಇದೆ, ಆದರೆ 4+2 ಆಗಬೇಕಾದಲ್ಲಿ 3+3 ಇದೆ.

ದೊಡ್ಡ ನೋಟುಗಳನ್ನು ಮೊದಲು ಕೊಟ್ಟು ಚಿಲ್ಲರೆಯನ್ನು ಕೊನೆಗೆ ಇಟ್ಟುಕೊಂಡರೆ ಲೆಕ್ಕ ಮುಗಿಯುತ್ತದಲ್ಲ, ಇಲ್ಲಿಯೂ ಹಾಗೇ. ನಾಲ್ಕು ಅಂಕದ ಎರಡನ್ನು ಮೊದಲು ಇಟ್ಟೆ. ಲೆಕ್ಕ ಮತ್ತು ನಕ್ಷೆ ಇರುವ ಕಾರಣ ಒಂದು ಚಲನೆಗೆ, ಜೀವಕೋಶದ ಚಿತ್ರ ಬರೆಸಲು ಇನ್ನೊಂದು ಜೀವದ ಮೂಲ ಘಟಕಕ್ಕೆ. ಮೂರು ಅಂಕದ ನಾಲ್ಕನ್ನು ಉಳಿದ ಮೂರು ಪಾಠಗಳಿಗೂ ಚಲನೆಗೂ ಒಂದೊಂದರಂತೆ ಕೊಟ್ಟೆ. ಆಗ ಪಾಠಗಳಲ್ಲಿ ಉಳಿದದ್ದು 3, 5, 4, 5, 3. ಎರಡು ಅಂಕದ್ದು ಎಲ್ಲಕ್ಕೂ ಒಂದೊಂದು. ಕೊನೆಗೆ ಬೇಕಾದದ್ದು 1, 3, 2, 3, 1 ಅಂಕ, ಕೂಡಿದರೆ ಹತ್ತು. ಒಂದು ಅಂಕದ ಹತ್ತು ಪ್ರಶ್ನೆಗಳು ಅದಕ್ಕೆ ಸರಿಹೋದವು.

| ಪಾಠ | ಬಹು ಆಯ್ಕೆ (1) | ಒಂದು ವಾಕ್ಯ (1) | 2 ಅಂಕ | 3 ಅಂಕ | 4 ಅಂಕ | ಒಟ್ಟು ಅಂಕ |
|---|---|---|---|---|---|---|
| ದ್ರವ್ಯಗಳು | 1 | – | 1 | 1 | – | 6 |
| ಶುದ್ಧವೇ | 1 | 2 | 1 | 1 | – | 8 |
| ಮೂಲ ಘಟಕ | 1 | 1 | 1 | – | 1 | 8 |
| ಅಂಗಾಂಶಗಳು | 1 | 2 | 1 | 1 | – | 8 |
| ಚಲನೆ | 1 | – | 1 | 1 | 1 | 10 |
| ಪ್ರಶ್ನೆಗಳು | 5 | 5 | 5 | 4 | 2 | 40 |

ಮನೆಗಳಲ್ಲಿ ಇರುವುದು ಪ್ರಶ್ನೆಯ ಸಂಖ್ಯೆ. ಕೆಲವರು ಆವರಣದೊಳಗೆ ಅಂಕ ಬರೆಯುತ್ತಾರೆ, ಕೆಲವರು ಅಲ್ಲಿ ಪ್ರಶ್ನೆಯ ಸಂಖ್ಯೆ ಬರೆಯುತ್ತಾರೆ. ಯಾವುದು ಯಾವುದೆಂದು ಹಾಳೆಯ ಮೇಲೆ ಒಂದು ಸಾಲು ಬರೆದುಬಿಟ್ಟರೆ ಪರಿಶೀಲಿಸುವವರಿಗೆ ತಲೆಬಿಸಿ ಇಲ್ಲ.

ಮುಂದೆ ಉದ್ದೇಶಗಳು. ಸ್ಮರಣೆ 8, ಗ್ರಹಿಕೆ 20, ಅನ್ವಯ 8, ಕೌಶಲ 4 ಅಂಕ ಎಂದು ಇಟ್ಟುಕೊಂಡಿದ್ದೆ. ವಿಜ್ಞಾನದಲ್ಲಿ ಇಲ್ಲೊಂದು ಸೆಳೆತವಿದೆ. ಅನ್ವಯ ಎಂದರೆ ಲೆಕ್ಕ ಎಂದುಕೊಂಡು ಎಂಟಕ್ಕೆ ಎಂಟನ್ನೂ ಚಲನೆಗೆ ಸುರಿದು, ಅಂಗಾಂಶವನ್ನು ಬರೀ ಬಾಯಿಪಾಠಕ್ಕೆ ಬಿಡುವುದು. ಮೊತ್ತದ ಸಾಲಿನಲ್ಲಿ ಇದು ಕಾಣುವುದೇ ಇಲ್ಲ, ಪಾಠ ಮತ್ತು ಉದ್ದೇಶ ಎದುರುಬದುರು ಇಟ್ಟರೆ ಮಾತ್ರ ಕಾಣುತ್ತದೆ. ಅದಕ್ಕೇ ಚಲನೆಯ ನಾಲ್ಕಂಕದ್ದನ್ನು ಮಾತ್ರ ಅನ್ವಯಕ್ಕೆ ಇಟ್ಟು, ಉಳಿದ ನಾಲ್ಕನ್ನು ಎರಡೆರಡರಂತೆ 'ಶುದ್ಧವೇ' ಮತ್ತು 'ಅಂಗಾಂಶಗಳು' ಪಾಠಕ್ಕೆ ಕೊಟ್ಟೆ. ಅಂಗಾಂಶದ ಪ್ರಶ್ನೆ: ಮರದ ಕಾಂಡದ ಸುತ್ತ ತೊಗಟೆಯನ್ನು ಬಳೆಯಂತೆ ಸುಲಿದರೆ ಬೇರು ಮೊದಲು ಏಕೆ ಸೊರಗುತ್ತದೆ? ತೊಗಟೆಯ ಜೊತೆ ಫ್ಲೋಯೆಮ್ ಹೋಗುತ್ತದೆ ಎಂಬುದಕ್ಕೆ ಒಂದು ಅಂಕ, ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದಿಲ್ಲ ಎಂಬುದಕ್ಕೆ ಇನ್ನೊಂದು.

ಹೀಗೆ ಉತ್ತರದ ಅಂಶಗಳನ್ನು ಪ್ರಶ್ನೆಯ ಪಕ್ಕದಲ್ಲೇ ಬರೆದುಕೊಂಡರೆ ಇನ್ನೊಂದು ಲಾಭವಿದೆ. 'ಶುದ್ಧವೇ' ಪಾಠದ ಎರಡಂಕಕ್ಕೆ ಮೊದಲು ಮನಸ್ಸಿಗೆ ಬಂದದ್ದು ಉಪ್ಪು, ಮರಳು, ಕಬ್ಬಿಣದ ಪುಡಿಯ ಮಿಶ್ರಣವನ್ನು ಬೇರ್ಪಡಿಸುವ ಪ್ರಶ್ನೆ. ಉತ್ತರ ಬರೆದರೆ ಅಯಸ್ಕಾಂತ, ಆಮೇಲೆ ನೀರಿನಲ್ಲಿ ಕರಗಿಸಿ ಸೋಸುವುದು, ಆಮೇಲೆ ನೀರನ್ನು ಇಂಗಿಸುವುದು, ಮೂರು ಅಂಶ. ಎರಡು ಅಂಕಕ್ಕೆ ಮೂರು ಅಂಶ ಕೇಳಿದರೆ ಮೌಲ್ಯಮಾಪನದ ದಿನ ಅರ್ಧ ಅಂಕಗಳ ಜಗಳ ಶುರು. ಕಬ್ಬಿಣದ ಪುಡಿ ತೆಗೆದೆ, ಎರಡು ಅಂಶಕ್ಕೆ ಎರಡು ಅಂಕ ಆಯಿತು. ನೀಲನಕ್ಷೆಯ ಮನೆಯಲ್ಲಿ '2' ಎಂದಿದ್ದರೆ ಉತ್ತರದಲ್ಲೂ ಎರಡೇ ಇರಬೇಕು, ಇಲ್ಲದಿದ್ದರೆ ಕೋಷ್ಟಕ ಹೇಳುವುದು ಒಂದು, ಮಗು ಬರೆಯುವುದು ಇನ್ನೊಂದು.

ಚಲನೆಯ ನಾಲ್ಕಂಕದ್ದಕ್ಕೆ ವೇಗ-ಕಾಲ ನಕ್ಷೆ ಕೊಟ್ಟೆ. ನಿಂತ ಬಸ್ಸು 5 ಸೆಕೆಂಡಿನಲ್ಲಿ ಏಕರೂಪವಾಗಿ ಸೆಕೆಂಡಿಗೆ 10 ಮೀಟರ್ ವೇಗ ತಲುಪಿ, ಮುಂದಿನ 10 ಸೆಕೆಂಡು ಅದೇ ವೇಗದಲ್ಲಿ ಓಡುತ್ತದೆ. ಮೊದಲ ಹಂತದ ವೇಗೋತ್ಕರ್ಷ, ಆ ಹಂತದಲ್ಲಿ ಸಾಗಿದ ದೂರ (25 ಮೀಟರ್), ಎರಡನೇ ಹಂತದ ದೂರ (100 ಮೀಟರ್), ಎರಡನೇ ಹಂತದ ಚಲನೆ ಎಂಥದ್ದು: ಒಂದೊಂದಕ್ಕೆ ಒಂದೊಂದು ಅಂಕ. ಎಲ್ಲವನ್ನೂ ನಕ್ಷೆಯಿಂದಲೇ ಓದಬಹುದು. ವೇಗೋತ್ಕರ್ಷ ತಪ್ಪಿದ ಮಗುವಿಗೂ ತ್ರಿಭುಜದ ವಿಸ್ತೀರ್ಣದಿಂದ ದೂರ ಸಿಗುತ್ತದೆ. ಇದನ್ನೇ ಸಾಲು ಲೆಕ್ಕವಾಗಿ, ಮೊದಲ ಉತ್ತರವನ್ನು ಎರಡನೆಯದರಲ್ಲಿ ಹಾಕುವಂತೆ ಕೇಳಿದ್ದರೆ ಒಂದು ತಪ್ಪಿಗೆ ಮೂರು ನಾಲ್ಕು ಅಂಕ ಹೋಗುತ್ತಿತ್ತು.

'ಅಥವಾ' ಪ್ರಶ್ನೆಗಳ ವಿಷಯದಲ್ಲಿ ನಾನು ಸ್ವಲ್ಪ ಬಿಗಿ. ಆಯ್ಕೆಯ ಪ್ರಶ್ನೆ ಅದೇ ಪಾಠದಿಂದ, ಅದೇ ಅಂಕಕ್ಕೆ, ಅದೇ ಉದ್ದೇಶಕ್ಕೆ ಇರಬೇಕು. ಸಸ್ಯಕೋಶದ ಚಿತ್ರಕ್ಕೆ 'ಅಥವಾ' ಎಂದು ಅಂಗಾಂಶದ ವಿವರಣೆ ಕೊಟ್ಟರೆ, ಅದನ್ನು ಆರಿಸಿದ ಮಗುವಿಗೆ ಮೂಲ ಘಟಕ 8ರಿಂದ 4ಕ್ಕೆ ಇಳಿದು ಅಂಗಾಂಶ 12ಕ್ಕೆ ಏರುತ್ತದೆ, ಕೌಶಲದ ಅಂಕವಂತೂ ಪತ್ರಿಕೆಯಿಂದಲೇ ಮಾಯ. ಸಸ್ಯಕೋಶಕ್ಕೆ ಪ್ರಾಣಿಕೋಶದ ಚಿತ್ರ ಸಾಕು.

ಪ್ರಶ್ನೆಗಳನ್ನು ಬರೆಯುತ್ತಾ ಹೋದಂತೆ ಒಂದು ಶೀಟಿನಲ್ಲಿ ಪ್ರಶ್ನಾವಾರು ಪಟ್ಟಿ ಇಡುತ್ತೇನೆ: A ಕಂಬದಲ್ಲಿ ಪ್ರಶ್ನೆ ಸಂಖ್ಯೆ, B ಪಾಠ, C ಅಂಕ, D ಉದ್ದೇಶ. 21 ಪ್ರಶ್ನೆ 2ನೇ ಸಾಲಿನಿಂದ 22ರವರೆಗೆ.

```
=SUMIFS($C$2:$C$22,$B$2:$B$22,"ಚಲನೆ")
=COUNTIFS($B$2:$B$22,"ಚಲನೆ",$C$2:$C$22,3)
=SUMIFS($C$2:$C$22,$B$2:$B$22,"ಚಲನೆ",$D$2:$D$22,"ಅನ್ವಯ")
```

ಇವು 10, 1, 4 ಎಂದು ತೋರಿಸಬೇಕು. ಹೆಸರಿನ ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿಕೊಂಡರೂ ಆ ಸಾಲು ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಐದೂ ಪಾಠಗಳ ಮೊತ್ತ 40 ಆಗುತ್ತದೆಯೇ ಎಂದು ಕೆಳಗೆ ಒಂದು ಮನೆ ಇಟ್ಟಿರುತ್ತೇನೆ. 'ಅಥವಾ' ಪ್ರಶ್ನೆಯನ್ನು ಈ ಪಟ್ಟಿಗೆ ಹಾಕಬಾರದು, ಹಾಕಿದರೆ ಮೊತ್ತ 44 ಆಗುತ್ತದೆ. ನಾಲ್ಕಂಕದ ಪ್ರಶ್ನೆಯ ಉಪಪ್ರಶ್ನೆಗಳನ್ನೂ ಬೇರೆ ಬೇರೆ ಸಾಲು ಮಾಡಬಾರದು.

ಸುಲಭ, ಸಾಧಾರಣ, ಕಠಿಣ ಎಂಬ ಭಾಗವನ್ನು 12, 20, 8 ಎಂದು ಹಾಕುತ್ತೇನೆ. ನನ್ನ ಮಟ್ಟಿಗೆ ನೀಲನಕ್ಷೆಯ ಅತಿ ದುರ್ಬಲ ಭಾಗ ಇದೇ, ಏಕೆಂದರೆ ಪರೀಕ್ಷೆಗೆ ಮುಂಚೆ ಅದು ಬರೀ ಊಹೆ. ಉತ್ತರಪತ್ರಿಕೆ ತಿದ್ದುವಾಗ ಪ್ರತಿ ಪ್ರಶ್ನೆಗೆ ಪೂರ್ಣ ಅಂಕ ಪಡೆದವರನ್ನು ಗೀಟು ಹಾಕಿ ಎಣಿಸಿ, ಮುಂದಿನ ಪತ್ರಿಕೆಗೆ ಆ ಪಟ್ಟಿಯನ್ನು ಎದುರಿಗೆ ಇಟ್ಟುಕೊಳ್ಳುತ್ತೇನೆ.

ಮಕ್ಕಳಿಗೆ ಇದನ್ನು ತೋರಿಸಬೇಕೇ ಎಂಬ ಬಗ್ಗೆ ನಮ್ಮ ಸ್ಟಾಫ್ ರೂಮಿನಲ್ಲಿ ಒಮ್ಮತವಿಲ್ಲ. ನಾನು ಪಾಠದ ಅಂಕಗಳನ್ನು ಬೋರ್ಡಿನ ಮೇಲೆ ಬರೆಯುತ್ತೇನೆ, ಮನೆಗಳನ್ನು ತೋರಿಸುವುದಿಲ್ಲ. ನಾಲ್ಕಂಕದ್ದು ಚಲನೆಯಿಂದಲೂ ಮೂಲ ಘಟಕದಿಂದಲೂ ಮಾತ್ರ ಬರುತ್ತದೆ ಎಂದು ಗೊತ್ತಾದರೆ, ಉಳಿದ ಮೂರು ಪಾಠಗಳ ದೊಡ್ಡ ಉತ್ತರಗಳನ್ನು ಯಾರೂ ಓದುವುದಿಲ್ಲ.