c ಉಳಿಸಿಕೊಂಡೇ ಮುಂದೆ ಹೋಗಿದ್ದೆ: ಲಂಬ ಪಥಗಳ ಲೆಕ್ಕ ಸರಿಹೋದ ಬಗೆ

y = cx² ಎಂಬ ಪ್ಯಾರಾಬೋಲಾಗಳನ್ನೆಲ್ಲ ಲಂಬವಾಗಿ ಕತ್ತರಿಸುವ ವಕ್ರರೇಖೆಗಳು ಬೇಕಿತ್ತು. ನಾನು y' = 2cx ಅಂತ ಬರೆದು, y' ಜಾಗದಲ್ಲಿ -1/y' ಹಾಕಿ, c ಹಾಗೇ ಇಟ್ಟುಕೊಂಡು ಬಿಡಿಸಿದೆ. c = 1 ಇಟ್ಟು, (1, 1) ಮೂಲಕ ಹೋಗುವ ರೇಖೆ ತೆಗೆದೆ:

```
y = 1 - (1/2) ln x
```

(1, 1) ರಲ್ಲಿ ಇಳಿಜಾರು -1/2, ಪ್ಯಾರಾಬೋಲಾದ್ದು 2. ಗುಣಲಬ್ಧ -1 ಬಂತು. ಅದನ್ನೇ ನಂಬಿಬಿಟ್ಟೆ.

ಆಮೇಲೆ ಅದೇ ರೇಖೆಯಲ್ಲಿ x = 4 ನೋಡಿದೆ. ಅಲ್ಲಿ y ಸುಮಾರು 0.307. ಆ ಬಿಂದುವಿನ ಮೂಲಕ ಹೋಗುವ ಪ್ಯಾರಾಬೋಲಾ ಬೇರೆ, ಅದರ c ಸುಮಾರು 0.019 ಮಾತ್ರ. ಇಳಿಜಾರುಗಳ ಗುಣಲಬ್ಧ ಸುಮಾರು -0.02. ಲಂಬದ ಹತ್ತಿರಕ್ಕೂ ಇಲ್ಲ.

ತಪ್ಪು ಆಗ ಹೊಳೆಯಿತು. ಲಂಬ ರೇಖೆ ಸಾಗುತ್ತಾ ಹೋದ ಹಾಗೆ ಒಂದೊಂದು ಕಡೆ ಒಂದೊಂದು ಪ್ಯಾರಾಬೋಲಾವನ್ನು ದಾಟುತ್ತದೆ, ಅಲ್ವಾ? ಅಂದಮೇಲೆ c ಒಂದೇ ಇರೋಕೆ ಸಾಧ್ಯವಿಲ್ಲ. ಸಮೀಕರಣದಲ್ಲಿ x, y ಮಾತ್ರ ಉಳಿಯಬೇಕು. ಹಾಗಾಗಿ ಮೊದಲು c = y/x² ಅಂತ ಹಾಕಿ c ತೆಗೆದೆ, ಆಮೇಲೆ ಇಳಿಜಾರು ತಿರುಗಿಸಿದೆ:

```
y' = 2y/x
y' = -x/(2y)
2y dy = -x dx
x²/2 + y² = k
```

k > 0 ಇದ್ದರೆ ಇವು ದೀರ್ಘವೃತ್ತಗಳು. ಈ ಸಲ ಬೇರೆ ಬಿಂದುವಿನಲ್ಲೇ ಪರೀಕ್ಷಿಸಿದೆ. (2, 1) ರಲ್ಲಿ ಪ್ಯಾರಾಬೋಲಾದ ಇಳಿಜಾರು 1, ದೀರ್ಘವೃತ್ತದ್ದು -1. ಸರಿಯಾಯಿತು.

ಮೂಲಬಿಂದು ಮಾತ್ರ ಲೆಕ್ಕಕ್ಕೆ ಸಿಗುವುದಿಲ್ಲ. ಎಲ್ಲ ಪ್ಯಾರಾಬೋಲಾಗಳೂ ಅಲ್ಲೇ ಸೇರುತ್ತವೆ, ಯಾವ ದೀರ್ಘವೃತ್ತವೂ ಅಲ್ಲಿಗೆ ಬರುವುದಿಲ್ಲ.