ಪುಸ್ತಕದ ಬೆನ್ನಿಗೆ ಅಂಟು ಸುರಿಯಬೇಡಿ

ಗೆಳೆಯರೊಬ್ಬರು ತಮ್ಮ ಪ್ರೀತಿಯ ನಿಘಂಟನ್ನು ನನ್ನ ಹತ್ತಿರ ತಂದರು. ರಟ್ಟು ಅಲ್ಲಾಡುತ್ತದೆ ಅಂತ ಬೆನ್ನೊಳಗೆ ಅರ್ಧ ಬಾಟಲಿ ಅಂಟು ಸುರಿದಿದ್ದರು. ಈಗ ಅಲ್ಲಾಡುವುದಿಲ್ಲ, ನಿಜ. ಆದರೆ ಸರಿಯಾಗಿ ತೆರೆಯುವುದೂ ಇಲ್ಲ. ಅದೇ ನಿಘಂಟಿನ ಹರಿದ ಪುಟಕ್ಕೆ ಸೆಲ್ಲೋಟೇಪ್ ಬೇರೆ!

ಗಟ್ಟಿ ರಟ್ಟಿನ ಬಹುತೇಕ ಪುಸ್ತಕಗಳಲ್ಲಿ ಹೊರಗಿನ ಬೆನ್ನು ಹಾಳೆಗಳ ಕಟ್ಟಿಗೆ ಅಂಟಿರುವುದಿಲ್ಲ. ನಡುವೆ ಪೊಳ್ಳು ಇರುತ್ತದೆ. ಪುಸ್ತಕ ಬಿಚ್ಚಿದಾಗ ಹೊರಬೆನ್ನು ಕಮಾನಿನಂತೆ ಬಾಗಿ ದೂರ ಸರಿಯುತ್ತದೆ. ಕಟ್ಟನ್ನು ಹಿಡಿದಿರುವುದು ಎರಡೂ ಬದಿಯ ಕೀಲುಗಳು. ಅಂದರೆ ರಟ್ಟಿನ ಒಳಮೈಗೆ ಅಂಟಿಸಿದ ಮೊದಲ ಹಾಳೆ, ಅದರಡಿಯ ಬಲೆಯಂಥ ಬಟ್ಟೆ. ನಾವು ‘ಬೆನ್ನು ಸಡಿಲ’ ಅನ್ನುವಾಗ ಸಾಮಾನ್ಯವಾಗಿ ಅಂಟು ಬಿಟ್ಟಿರುವುದು ಇಲ್ಲೇ.

ಮೊದಲು ನೋಡಿ. ಪುಸ್ತಕವನ್ನು ನಿಲ್ಲಿಸಿ, ರಟ್ಟನ್ನು ಸ್ವಲ್ಪ ತೆರೆದು ಮೇಲಿನಿಂದ ಇಣುಕಿ. ಕೀಲಿನ ಹಾಳೆ ಹರಿಯದೆ, ಅದರ ಹಿಂದೆ ಸಂದು ಮಾತ್ರ ಕಂಡರೆ ಮನೆಯಲ್ಲೇ ಸರಿಯಾಗುತ್ತದೆ. ಮಡಿಕೆಯಲ್ಲಿ ಹಾಳೆ ಸೀಳಿದ್ದರೆ, ಹಾಳೆಗಳ ಕಟ್ಟೇ ಎರಡಾಗಿದ್ದರೆ, ಬೂಷ್ಟು ಹಿಡಿದಿದ್ದರೆ ಅಥವಾ ಪುಸ್ತಕ ಅಪರೂಪದ್ದಾಗಿದ್ದರೆ ಕೈಹಾಕಬೇಡಿ, ಬಲ್ಲವರಿಗೆ ಕೊಡಿ.

ಹರಿದ ಪುಟಗಳು ಮೊದಲು. ಹೊಸದಾಗಿ ಅಂಟಿಸಿದ ಕೀಲನ್ನು ಮತ್ತೆ ಮತ್ತೆ ಬಿಚ್ಚಬಾರದಲ್ವಾ, ಅದಕ್ಕೆ. ಒಂದು ಚಮಚ ಗೋಧಿ ಪಿಷ್ಟಕ್ಕೆ ಐದು ಚಮಚ ನೀರು ಹಾಕಿ. ಸಣ್ಣ ಉರಿಯಲ್ಲಿ ಬಿಡದೆ ತಿರುವುತ್ತಾ ಪಾರದರ್ಶಕ ಗಂಜಿಯಾಗುವವರೆಗೆ ಕಾಯಿಸಿ, ಆರಿಸಿ, ಸೋಸಿ. ಕುಂಚದಿಂದ ತೊಟ್ಟಿಕ್ಕಬಾರದು, ಅಷ್ಟು ಗಟ್ಟಿ ಇರಲಿ. ತೆಳುವಾದ ಜಪಾನಿ ಟಿಶ್ಯೂ ಕಾಗದದ ಮೇಲೆ ಒದ್ದೆ ಕುಂಚದಿಂದ ಗೆರೆ ಎಳೆದು, ಆ ಗೆರೆಯಗುಂಟ ಒಂದು ಸೆಂಟಿಮೀಟರ್ ಅಗಲದ ಪಟ್ಟಿ ಹರಿದುಕೊಳ್ಳಿ. ಕತ್ತರಿ ಬೇಡವೇ ಬೇಡ. ಹರಿದ ಅಂಚಿನ ನಾರುಗಳೇ ಪುಟದೊಳಗೆ ಕಾಣದಂತೆ ಬೆರೆಯುವುದು.

ಹರುಕಿಗೆ ಎರಡು ತುಟಿ ಇರುತ್ತವೆ, ಒಂದು ಇನ್ನೊಂದರ ಮೇಲೆ ಕೂರುತ್ತದೆ. ಅಕ್ಷರಗಳು ಸೇರುವ ಹಾಗೆ ಅವನ್ನು ಮೊದಲಿದ್ದಂತೆಯೇ ಕೂರಿಸಿ. ಗಂಜಿ ಸವರಿದ ಪಟ್ಟಿ ಇಟ್ಟು ಒತ್ತಿ, ಉಜ್ಜಬೇಡಿ. ಮೇಲೂ ಕೆಳಗೂ ಬೇಕಿಂಗ್ ಕಾಗದ, ಅದರಾಚೆಗೆ ಹೀರುಕಾಗದ, ಮೇಲೆ ಭಾರ. ಹತ್ತು ನಿಮಿಷಕ್ಕೆ ಹೀರುಕಾಗದ ಬದಲಿಸಿ, ರಾತ್ರಿಯಿಡೀ ಬಿಡಿ. ಹೊಳಪಿನ ಕಾಗದಕ್ಕೆ ಮತ್ತು ನೀರಿಗೆ ಹರಡುವ ಶಾಯಿಗೆ ಈ ವಿಧಾನ ಆಗದು. ಶಾಯಿಯ ಮೂಲೆಯೊಂದಕ್ಕೆ ಒದ್ದೆ ಹತ್ತಿ ಮುಟ್ಟಿಸಿ ಮೊದಲೇ ಪರೀಕ್ಷಿಸಿ. ಸೆಲ್ಲೋಟೇಪಿನ ಅಂಟು ಹಳದಿಯಾಗಿ ಕಾಗದದೊಳಗೆ ಇಳಿದುಬಿಡುತ್ತದೆ. ಪ್ಲಾಸ್ಟಿಕ್ ಉದುರಿದರೂ ಕಲೆ ಉಳಿಯುತ್ತದೆ.

ಈಗ ಕೀಲು. ಎಲ್ಲರೂ ಎಡವುವುದು ಇಲ್ಲಿ. ಬೇಕಾದ್ದು ಪುಸ್ತಕ ಕಟ್ಟುವವರು ಬಳಸುವ, ಆಮ್ಲವಿಲ್ಲದ ಪಿವಿಎ ಅಂಟು ಮತ್ತು 3 ಮಿಲಿಮೀಟರ್ ದಪ್ಪದ ಉಣ್ಣೆ ಹೆಣೆಯುವ ಕಡ್ಡಿ. ಕ್ಷಣದಲ್ಲಿ ಅಂಟುವ ಗಮ್ ಮುಟ್ಟಲೇಬೇಡಿ. ಅದು ಒಣಗಿ ಪೆಡಸಾಗಿ ಸೀಳುತ್ತದೆ.

ಕಡ್ಡಿಯನ್ನು ಅಂಟಿನಲ್ಲಿ ಅದ್ದಿ, ಹೆಚ್ಚಾದದ್ದನ್ನು ಬಾಟಲಿಯ ಬಾಯಿಗೆ ಒರೆಸಿಬಿಡಿ. ಕಡ್ಡಿಯ ಮೇಲೆ ತೆಳ್ಳಗಿನ ಪದರ ಉಳಿದರೆ ಸಾಕು, ಹನಿ ಕಾಣಬಾರದು. ಪುಸ್ತಕ ನಿಲ್ಲಿಸಿ, ರಟ್ಟು ತುಸು ತೆರೆದು, ಕಡ್ಡಿಯನ್ನು ಆ ಸಂದಿನೊಳಗೆ ಮೇಲಿಂದ ಇಳಿಸಿ. ಬೆರಳಲ್ಲಿ ಉರುಳಿಸುತ್ತಾ ರಟ್ಟಿನ ಕಡೆಯ ಬಟ್ಟೆಗೂ ಹಾಳೆಗೂ ಹಚ್ಚಿ. ಪೊಳ್ಳಿನ ಕಡೆಗೆ ವಾಲಿಸಬೇಡಿ. ಅರ್ಧದವರೆಗೆ ತಲುಪಿದರೆ ಸಾಕು. ಪುಸ್ತಕ ತಲೆಕೆಳಗು ಮಾಡಿ ಇನ್ನೊಂದು ತುದಿಯಿಂದ ಉಳಿದರ್ಧ ಮಾಡಿ.

ರಟ್ಟು ಮುಚ್ಚಿ, ಹೊರಗೆ ಬೆನ್ನಿಗೂ ರಟ್ಟಿಗೂ ನಡುವಿನ ಉದ್ದದ ಕಾಲುವೆಯಲ್ಲಿ ಚಮಚದ ಹಿಡಿಯಿಂದ ಒತ್ತಿ ಎಳೆಯಿರಿ. ತಕ್ಷಣ ಒಮ್ಮೆ ಮೆಲ್ಲನೆ ತೆರೆದು, ಒಸರಿದ ಅಂಟು ಒರೆಸಿ, ರಟ್ಟಿಗೂ ಅದಕ್ಕೆ ಅಂಟಿಸದ ಮೊದಲ ಬಿಡಿ ಹಾಳೆಗೂ ನಡುವೆ ಮೇಣದ ಕಾಗದ ಇಡಿ. ಇದನ್ನು ಮರೆತವರ ಪುಸ್ತಕ ಬೆಳಗ್ಗೆ ಒಂದೇ ಇಟ್ಟಿಗೆಯಾಗಿರುತ್ತದೆ. ಕೊನೆಗೆ ಎರಡೂ ಕಾಲುವೆಗಳಲ್ಲಿ ಒಂದೊಂದು ಒಣ ಕಡ್ಡಿ ಕೂರಿಸಿ, ಮೇಲೆ ಹಲಗೆ, ಅದರ ಮೇಲೆ ಮೂರ್ನಾಲ್ಕು ಕೆ.ಜಿ. ಭಾರ. ಭಾರ ಹಲಗೆಯ ಮೇಲಷ್ಟೇ ಇದ್ದು ಕಾಲುವೆಗೆ ಒತ್ತಡ ಬೀಳದಿದ್ದರೆ ಕೀಲು ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕೇ ಈ ಕಡ್ಡಿಗಳು.

24 ಗಂಟೆ ಬಿಟ್ಟು ಪುಸ್ತಕವನ್ನು ನಡುಭಾಗದಲ್ಲಿ ತೆರೆಯಿರಿ. ಹೊರಬೆನ್ನು ಕಮಾನಾಗಿ ಎದ್ದರೆ ಅಂಟು ಬೇಕಾದಲ್ಲೇ ನಿಂತಿದೆ. ಏಳದೆ ಬಿಗಿಯಾಗಿ ಎಳೆದರೆ ಪೊಳ್ಳಿಗೆ ಅಂಟು ಹೋಗಿದೆ ಅಂತ ಲೆಕ್ಕ. ಗೆಳೆಯರ ನಿಘಂಟಿಗೆ ಆಗಿದ್ದೂ ಇದೇ. ಅದರ ಹೊರಬೆನ್ನನ್ನು ಬಿಡಿಸಿ ಹೊಸದು ಕಟ್ಟಿಸಬೇಕಾಯಿತು.