ಎಡ ಹಿಮ್ಮಡಿ ಮಾತ್ರ ಯಾಕೆ ಒಡೆಯುತ್ತಿತ್ತು: ಮೂರು ಮಳೆಗಾಲದ ನನ್ನ ಅನುಭವ

ನನಗೆ ಶುಗರ್ ಬಂದು 14 ವರ್ಷ ಆಯಿತು. ದಿನಾ ಕಾಲು ನೋಡಿಕೊಳ್ಳುವುದು, ಬರಿಗಾಲಲ್ಲಿ ಓಡಾಡದೇ ಇರುವುದು, ಉಗುರನ್ನು ನೇರಕ್ಕೆ ಕತ್ತರಿಸುವುದು, ಇವನ್ನೆಲ್ಲ ನೀವೂ ಮಾಡುತ್ತೀರಿ. ನಾನೂ ಮಾಡುತ್ತಿದ್ದೆ. ಆದರೂ ಎರಡು ಮಳೆಗಾಲ ನನ್ನ ಎಡ ಹಿಮ್ಮಡಿ ಒಡೆದು ರಕ್ತ ಬಂತು. ಮೂರನೇ ಮಳೆಗಾಲ ಒಂದು ಗೆರೆಯೂ ಬೀಳದೆ ಕಳೆಯಿತು. ನಡುವೆ ಏನೇನು ಮಾಡಿದೆ ಅನ್ನುವುದಷ್ಟೇ ಈ ಬರಹ.

ಮೊದಲ ವರ್ಷ ನನಗೆ ಸಿಕ್ಕ ಉತ್ತರ ಎಲ್ಲರಿಂದಲೂ ಒಂದೇ. ‘ಶುಗರ್ ಇರೋರಿಗೆ ಹಿಮ್ಮಡಿ ಒಡೆಯುತ್ತೆ, ಒಳ್ಳೆ ಕ್ರೀಮ್ ಹಚ್ಚಿ.’ ಅದು ಸುಳ್ಳಲ್ಲ. ನರ ಸೋತರೆ ಪಾದ ಬೆವರುವುದು ಕಮ್ಮಿಯಾಗುತ್ತೆ, ಚರ್ಮ ಒಣಗುತ್ತೆ, ದಪ್ಪಗಾಗಿ ಸೀಳುತ್ತೆ. ಮಳೆಗಾಲದಲ್ಲಿ ಒದ್ದೆ ಇರುವಾಗ ಒಣಗುವುದು ಹೇಗೆ ಅಂತ ಭಾವ ಕೇಳಿದರು. ದಿನಕ್ಕೆ ನಾಲ್ಕು ಸಲ ನೆನೆದು ನಾಲ್ಕು ಸಲ ಒಣಗಿದರೆ ಚರ್ಮದಲ್ಲಿರುವ ಅಷ್ಟೋ ಇಷ್ಟೋ ಜಿಡ್ಡೂ ತೊಳೆದು ಹೋಗುತ್ತೆ. ಒಡೆಯುವುದು ಅದಕ್ಕೇ.

ಹಾಗಾಗಿ ಕ್ರೀಮ್ ಹಚ್ಚಿದೆ. ಒಂದು ಆಯಿತು, ಇನ್ನೊಂದು ಆಯಿತು, ಒಟ್ಟು ಏಳೋ ಎಂಟೋ ಬಗೆ. ಅದರಲ್ಲಿ ಒಂದು ಟ್ಯೂಬ್ ಹಚ್ಚಿದ ನಾಲ್ಕೇ ದಿನಕ್ಕೆ ಪಾದ ನುಣುಪಾಯಿತು. ಗೆದ್ದೆ ಅಂದುಕೊಂಡೆ. ಬಿಟ್ಟ ಹತ್ತು ದಿನಕ್ಕೆ ಮೊದಲಿಗಿಂತ ಜಾಸ್ತಿ ಹಬ್ಬಿತು. ಆಮೇಲೆ ಟ್ಯೂಬಿನ ಸಣ್ಣ ಅಕ್ಷರ ಓದಿದರೆ ಅದರಲ್ಲಿ ಸ್ಟೀರಾಯ್ಡ್ ಇತ್ತು. ಸ್ಟೀರಾಯ್ಡ್ ಕೆಂಪನ್ನೂ ತುರಿಕೆಯನ್ನೂ ಅಡಗಿಸುತ್ತೆ, ಒಳಗೆ ಫಂಗಸ್ ಇದ್ದರೆ ಅದಕ್ಕೆ ಬೆಳೆಯಲು ದಾರಿ ಬಿಡುತ್ತೆ.

ಒಂದು ಸಂಜೆ ಸಾಕ್ಸ್ ಬಿಚ್ಚಿದಾಗ ಹಿಮ್ಮಡಿಯ ಜಾಗದಲ್ಲಿ ಕಂದು ಕಲೆ ಕಂಡಿತು. ಒಣಗಿದ ರಕ್ತ. ನನಗೆ ಒಂದಿಷ್ಟೂ ನೋವಾಗಿರಲಿಲ್ಲ. ನಿಜವಾಗಿ ಹೆದರಿದ್ದು ಆ ದಿನ. ಅಂದಿನಿಂದ ನಾನು ಬಿಳಿ ಸಾಕ್ಸ್ ಬಿಟ್ಟು ಬೇರೆ ಹಾಕಿಲ್ಲ. ನೋವು ಹೇಳದ ಸುದ್ದಿಯನ್ನು ಬಿಳಿ ಬಟ್ಟೆ ಹೇಳುತ್ತೆ.

ಎರಡನೇ ಮಳೆಗಾಲದಲ್ಲಿ ತಲೆಗೆ ಹೊಳೆದದ್ದು ಒಂದೇ ಪ್ರಶ್ನೆ. ಶುಗರ್‌ನಿಂದ ನರ ಸೋಲುವುದು ಸಾಮಾನ್ಯವಾಗಿ ಎರಡೂ ಕಾಲಿಗೆ ಹೆಚ್ಚು ಕಮ್ಮಿ ಒಂದೇ ಥರ. ಹಾಗಿದ್ದರೆ ಬಲ ಹಿಮ್ಮಡಿ ಯಾಕೆ ಚೆನ್ನಾಗಿದೆ? ಹೆಂಡತಿ ಟಾರ್ಚ್ ಹಿಡಿದಳು, ನೆಲದ ಮೇಲೆ ಕನ್ನಡಿ ಇಟ್ಟು ಎರಡು ಅಂಗಾಲನ್ನೂ ಪಕ್ಕಪಕ್ಕ ನೋಡಿದೆ. ಎಡಗಾಲಿನಲ್ಲಿ ಚರ್ಮದ ಗೆರೆಗಳ ಒಳಗೆ ಹಿಟ್ಟು ಉದುರಿಸಿದ ಹಾಗೆ ಬಿಳಿ ಪುಡಿ ಇತ್ತು. ಅದು ಹಿಮ್ಮಡಿಯಿಂದ ಪಾದದ ಅಂಚಿನವರೆಗೂ ಬಂದು, ಅಲ್ಲಿ ಗೆರೆ ಎಳೆದ ಹಾಗೆ ನಿಂತಿತ್ತು. ಅದೇ ಕಾಲಿನ ಹೆಬ್ಬೆರಳ ಉಗುರು ಹಳದಿಯಾಗಿ, ದಪ್ಪಗಾಗಿ, ತುದಿಯಲ್ಲಿ ಪುಡಿಪುಡಿ. ಕಿರುಬೆರಳ ಸಂದಿನಲ್ಲಿ ಬೆಳ್ಳಗೆ ಬೆಂದ ಚರ್ಮ, ನಾವು ಕೆಸರುಹುಣ್ಣು ಅನ್ನುತ್ತೇವಲ್ಲ, ಅದು. ಮೂರನ್ನೂ ಮೂರು ಬೇರೆ ತೊಂದರೆ ಅಂದುಕೊಂಡು ಮೂರು ಬೇರೆ ಟ್ಯೂಬ್ ಕೊಂಡಿದ್ದೆ. ಅದು ಒಂದೇ ಫಂಗಸ್ ಅನ್ನುವುದು ನನ್ನ ಅನುಮಾನ. ಹೇಳಿದರೆ ಯಾರೂ ನಂಬಲಿಲ್ಲ. ‘ತುರಿಕೆ ಇಲ್ಲ ಅಂದಮೇಲೆ ಫಂಗಸ್ ಎಲ್ಲಿಂದ?’ ಅಂದರು. ತುರಿಕೆ ಗೊತ್ತಾಗಲು ನರ ನೆಟ್ಟಗಿರಬೇಕಲ್ವಾ?

ಇಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ. ಗೆಳೆಯನೊಬ್ಬ ವಾರಕ್ಕೊಂದು ಫ್ಲೂಕೊನಜೋಲ್ 150 ತಗೋ ಅಂದ. ತಗೊಂಡೆ. ನಾನು ಗ್ಲಿಮೆಪಿರೈಡ್ ಮೇಲಿದ್ದವನು. ಎರಡನೇ ಮಾತ್ರೆಯ ಮಾರನೇ ದಿನ ಮಧ್ಯಾಹ್ನ ಕೈ ನಡುಗಿ ಬೆವರಿತು. ಮೀಟರಿನಲ್ಲಿ 58ರ ಆಸುಪಾಸು. ಫ್ಲೂಕೊನಜೋಲ್ ಲಿವರಿನಲ್ಲಿ ಗ್ಲಿಮೆಪಿರೈಡ್ ಕರಗುವುದನ್ನು ತಡೆಯುತ್ತೆ. ಅದರಿಂದ ಶುಗರ್ ಮಾತ್ರೆಯ ಬಲ ರಕ್ತದಲ್ಲಿ ಏರುತ್ತೆ. ಫಂಗಸ್ ಮಾತ್ರೆ ಶುರು ಮಾಡುವ ಮೊದಲು ನಿಮ್ಮ ಎಲ್ಲ ಮಾತ್ರೆಗಳ ಪಟ್ಟಿ ಡಾಕ್ಟರ ಮುಂದೆ ಇಡಿ. ಹೃದಯ ಸೋತವರಿಗೆ ಇಟ್ರಕೊನಜೋಲ್ ಅನ್ನುವ ಫಂಗಸ್ ಮಾತ್ರೆ ಆಗದು. ಕೆಲವು ಕೊಲೆಸ್ಟ್ರಾಲ್ ಮಾತ್ರೆಗಳ ಜೊತೆಗೂ ಅದು ಹೊಂದುವುದಿಲ್ಲ.

ಕೊನೆಗೆ ಚರ್ಮ ಕೆರೆದು ಅದರಲ್ಲಿ ಫಂಗಸ್ ಇದೆಯಾ ಅಂತ ನೋಡುವ ಕೆಓಎಚ್ ಪರೀಕ್ಷೆ ಮಾಡಿಸಿದೆ. ವರದಿಯಲ್ಲಿ ‘ಫಂಗಸ್ ಇಲ್ಲ’ ಅಂತ ಬಂತು. ಮನೆಯವರಿಗೆಲ್ಲ ಅಲ್ಲಿಗೆ ಮುಗಿಯಿತು. ನನಗೆ ಸಮಾಧಾನವಾಗಲಿಲ್ಲ. ಆಮೇಲೆ ಕೇಳಿ ತಿಳಿದುಕೊಂಡೆ: ಹಿಂದಿನ ರಾತ್ರಿಯವರೆಗೂ ಫಂಗಸ್ ಕ್ರೀಮ್ ಹಚ್ಚಿದ್ದೆನಲ್ಲ, ಮೇಲ್ಪದರದಲ್ಲಿ ಏನೂ ಸಿಗದಿರುವುದು ಸಹಜ. ಆಗ ಎಲ್ಲ ಟ್ಯೂಬ್ ನಿಲ್ಲಿಸಿದೆ. ಸುಮಾರು ಮೂರು ವಾರ ಬರೀ ಪೆಟ್ರೋಲಿಯಂ ಜೆಲ್ಲಿ. ಎರಡನೇ ಸಲ ಹೋದಾಗ ಪಾದದ ಅಂಚಿನಿಂದ ಕೆರೆಯಲು ಕೇಳಿದೆ. ಉಗುರನ್ನು ತುದಿಯಿಂದಷ್ಟೇ ಅಲ್ಲ, ಕೆಳಗಿನ ಪುಡಿಯನ್ನೂ ಆದಷ್ಟು ಒಳಗಿನಿಂದ ತೆಗೆಯಲು ಕೇಳಿದೆ. ಈ ಸಲ ಎರಡರಲ್ಲೂ ಫಂಗಸ್ ಎಳೆ ಕಂಡವು. ಎರಡು ಮಳೆಗಾಲ ಕ್ರೀಮಿಗೆ ಸುರಿದ ದುಡ್ಡಿನಲ್ಲಿ ಆ ಪರೀಕ್ಷೆಯನ್ನು ಇಪ್ಪತ್ತು ಸಲ ಮಾಡಿಸಬಹುದಿತ್ತು. ಆ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

ಲಿವರ್ ಪರೀಕ್ಷೆ ಮಾಡಿಸಿ, ಡಾಕ್ಟರು ಟರ್ಬಿನಾಫಿನ್ 250 ಮಿ.ಗ್ರಾಂ. ದಿನಕ್ಕೊಂದರಂತೆ 12 ವಾರ ಬರೆದರು. ಆರನೇ ವಾರಕ್ಕೆ ಮತ್ತೆ ಲಿವರ್ ನೋಡಿದರು, ಸರಿಯಿತ್ತು. ಅಂಗಾಲಿಗಷ್ಟೇ ಆಗಿದ್ದರೆ ಅಷ್ಟು ದಿನ ಬೇಕಿರಲಿಲ್ಲ. ಉಗುರು ಇರುವುದರಿಂದ ಬೇಕು. ಉಗುರನ್ನು ಬಿಟ್ಟು ಚರ್ಮ ಮಾತ್ರ ವಾಸಿ ಮಾಡಿದರೆ, ಮುಂದಿನ ಮಳೆಗೆ ಉಗುರಿನಿಂದಲೇ ಅದು ಮತ್ತೆ ಚರ್ಮಕ್ಕೆ ಇಳಿಯುತ್ತೆ. ನನ್ನ ಎರಡು ವರ್ಷದ ಕಥೆ ಇದೇ.

ಇನ್ನು ಹಚ್ಚುವ ಕ್ರಮ. ಬೆರಳಸಂದಿಗೆ ಬೇಕಾದ್ದು ಒಣ, ಹಿಮ್ಮಡಿಗೆ ಬೇಕಾದ್ದು ತೇವ. ಒಂದೇ ಕಾಲು, ಎರಡು ತದ್ವಿರುದ್ಧ ಆರೈಕೆ. ಬೆಳಿಗ್ಗೆ ಕಾಲು ತೊಳೆದು, ಸಂದುಗಳನ್ನು ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ, ಐದು ನಿಮಿಷ ಗಾಳಿಗೆ ಬಿಟ್ಟು, ಟರ್ಬಿನಾಫಿನ್ ಕ್ರೀಮನ್ನು ಸಂದು, ಅಂಗಾಲು, ಪಾದದ ಅಂಚಿಗೆ ತೆಳ್ಳಗೆ ಹಚ್ಚಿದೆ. ರಾತ್ರಿ ಶೇ. 25ರ ಯೂರಿಯಾ ಕ್ರೀಮ್, ಹಿಮ್ಮಡಿಗೆ ಮಾತ್ರ, ಕಾಲು ತೊಳೆದು ಒರೆಸಿದ ತಕ್ಷಣ. ಮೇಲೆ ಸಡಿಲ ಹತ್ತಿ ಸಾಕ್ಸ್. ಯೂರಿಯಾ ಬೆರಳಸಂದಿಗೆ ಸೋಕಲೇಬಾರದು. ಒಮ್ಮೆ ಆತುರದಲ್ಲಿ ಇಡೀ ಪಾದಕ್ಕೆ ಬಳಿದೆ, ಎರಡೇ ದಿನದಲ್ಲಿ ಕೆಸರುಹುಣ್ಣು ಮರಳಿತು. ಬಿರುಕು ಬಾಯಿ ತೆರೆದಿರುವಾಗಲೂ ಯೂರಿಯಾ ಬೇಡ. ಅದು ಉರಿಯುತ್ತೆ, ನಮಗೆ ಉರಿ ಗೊತ್ತಾಗುವುದಿಲ್ಲ. ಡಾಕ್ಟರಿಗೆ ತೋರಿಸಿ, ಅದು ಮುಚ್ಚುವ ತನಕ ಜೆಲ್ಲಿ ಸವರಿ ಗಾಜ್ ಬಟ್ಟೆ ಕಟ್ಟಿದೆ.

ಬಿಸಿನೀರಿನಲ್ಲಿ ಕಾಲು ನೆನೆಸುವುದನ್ನು, ಬ್ಲೇಡನ್ನು, ಆಣಿಗೆ ಹಾಕುವ ಆ್ಯಸಿಡ್ ಪಟ್ಟಿಯನ್ನು ನಾನು ಮುಟ್ಟಲಿಲ್ಲ. ವಾರಕ್ಕೆರಡು ಸಲ ಒಣ ಹಿಮ್ಮಡಿಗೆ ಕಾಲುಜ್ಜುವ ಕಲ್ಲನ್ನು ಹಗುರವಾಗಿ ಆಡಿಸಿದೆ, ಅಷ್ಟೇ. ದಪ್ಪ ಉಗುರಿಗೆ ಶೇ. 40ರ ಯೂರಿಯಾ ಹಾಕಿ ಮೆತ್ತಗೆ ಮಾಡಿ ತೆಳ್ಳಗಾಗಿಸಿದ ಒಂದು ಕ್ರಮ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಪಕ್ಕದ ಚರ್ಮ ಉಳಿಸಿಕೊಳ್ಳುವುದೇ ಅದರ ಗುಟ್ಟು. ಎದುರಿಗೆ ಮಾಡಿ ತೋರಿಸದೆ ಓದಿ ಕಲಿತರೆ ಗಾಯ ಖಂಡಿತ.

ಬೂಟಿನ ವಿಷಯದಲ್ಲಿ ನನ್ನದೇ ಒಂದು ಪ್ರಯೋಗ ಮಾಡಿದೆ. ಮಳೆಯಲ್ಲಿ ಓಡಾಡಿ ಬಂದ ಬೂಟನ್ನು ತಕ್ಕಡಿಯಲ್ಲಿ ತೂಗಿದೆ. ಒಣಗಿದ್ದಾಗಿನದಕ್ಕಿಂತ 60-70 ಗ್ರಾಂ ಜಾಸ್ತಿ. ಸುಮ್ನೆ ಬಾಗಿಲ ಹತ್ತಿರ ಇಟ್ಟರೆ ಬೆಳಿಗ್ಗೆಗೆ ಅರ್ಧದಷ್ಟೂ ಇಳಿಯುತ್ತಿರಲಿಲ್ಲ. ಕೈಗೆ ಒಣಗಿದ ಹಾಗೆ ಅನಿಸುತ್ತಿತ್ತು, ತಕ್ಕಡಿ ಇಲ್ಲ ಅನ್ನುತ್ತಿತ್ತು. ಒಳಗಿನ ಅಟ್ಟೆ ಕಿತ್ತು ಬೇರೆ ಇಟ್ಟು, ಹಳೇ ಪತ್ರಿಕೆ ತುರುಕಿ, ಎರಡು ಗಂಟೆ ಬಿಟ್ಟು ಪತ್ರಿಕೆ ಬದಲಾಯಿಸಿ, ಫ್ಯಾನ್ ಕೆಳಗಿಟ್ಟರೆ ಬೆಳಿಗ್ಗೆಗೆ ಹತ್ತು ಗ್ರಾಮಿನಷ್ಟು ಉಳಿಯುತ್ತಿತ್ತು. ಪೂರ್ತಿ ಒಣಗಲು ಎರಡು ದಿನ ಬೇಕು. ಹಾಗಾಗಿ ಮೂರು ಜೊತೆ ಸರದಿಯ ಮೇಲೆ. ಎರಡು ಹೊಸ ಜೊತೆ ಕೊಂಡಾಗ ಮನೆಯಲ್ಲಿ ದುಂದು ಅಂದರು. ನನ್ನ ಲೆಕ್ಕದಲ್ಲಿ ಈ ಇಡೀ ಚಿಕಿತ್ಸೆಯಲ್ಲಿ ಸರಿಯಾಗಿ ಖರ್ಚಾದ ದುಡ್ಡು ಅದೇ. ಸಾಕ್ಸ್ 60 ಡಿಗ್ರಿ ನೀರಿನಲ್ಲಿ ಒಗೆಯುತ್ತೇನೆ. 40ರಲ್ಲಿ ಒಗೆದರೆ ಫಂಗಸ್ ಬದುಕುಳಿಯಬಲ್ಲದು. ಪೌಡರನ್ನೂ ನೋಡಿದೆ. ಒದ್ದೆ ಸಂದಿನಲ್ಲಿ ಗಟ್ಟಿಯಾಗಿ ಉಂಡೆ ಕಟ್ಟಿ ಉಜ್ಜಿತು, ಬಿಟ್ಟೆ. ಬದಲಿಗೆ ಕಿರುಬೆರಳ ಸಂದಿಗೆ ಗಾಜ್ ಬಟ್ಟೆಯ ಸಣ್ಣ ಮಡಿಕೆ ಇಡುತ್ತೇನೆ. ಒತ್ತದ ಹಾಗೆ ಮಡಿಸುವ ಬಗೆಯೊಂದು ನನ್ನ ಕೈಗೆ ಕೂತಿದೆ, ಅದು ನನ್ನ ಹತ್ತಿರವೇ ಇರಲಿ.

ಉಗುರಿನಲ್ಲಿ ಗುಣ ಕಾಣುತ್ತಿದೆಯೋ ಇಲ್ಲವೋ ತಿಳಿಯಲು ಒಂದು ಗುರುತು ಮಾಡಿದ್ದೆ. ಚೆನ್ನಾಗಿರುವ ಉಗುರೂ ಹಳದಿ ಉಗುರೂ ಸೇರುವ ಕಡೆ, ಅರದಿಂದ ಮೇಲ್ಮೇಲೆ ಒಂದು ಗೀರು. ಉಗುರು ಬೆಳೆದ ಹಾಗೆ ಗೀರು ಮುಂದೆ ಹೋಗುತ್ತೆ. ಹಳದಿ ಅದನ್ನು ದಾಟಿ ಹಿಂದಕ್ಕೆ ಬಂದರೆ ಔಷಧ ಸೋತಿದೆ ಅಂತ ಅರ್ಥ. ನನ್ನದು ತಿಂಗಳಿಗೆ 1 ಮಿ.ಮೀ. ಚಿಲ್ಲರೆ ಮುಂದೆ ಹೋಯಿತು, ಹಳದಿ ದಾಟಲಿಲ್ಲ. 12 ವಾರ ಮುಗಿದಾಗ ಉಗುರು ನೋಡಲು ಇನ್ನೂ ಕೆಟ್ಟದಾಗಿಯೇ ಇತ್ತು. ಭಾವ ‘ಮಾತ್ರೆ ದಂಡ’ ಅಂದರು. ಹೆಬ್ಬೆರಳ ಉಗುರು ಪೂರ್ತಿ ಹೊಸದಾಗಲು ವರ್ಷ, ಒಂದೂವರೆ ವರ್ಷ ಬೇಕು. ಮಾತ್ರೆ ನಿಂತ ಮೇಲೂ ಔಷಧ ಉಗುರಿನಲ್ಲಿ ತಿಂಗಳುಗಟ್ಟಲೆ ಉಳಿದು ಕೆಲಸ ಮಾಡುತ್ತೆ. ಚರ್ಮ ಮಾತ್ರ ಐದನೇ ವಾರಕ್ಕೇ ತಿಳಿಯಾಗಿತ್ತು, ಬಿಳಿ ಪುಡಿ ಇರಲಿಲ್ಲ. ಈ ನಡುವೆ ಎಚ್‌ಬಿಎ1ಸಿ ಒಂಬತ್ತರಿಂದ ಏಳೂವರೆಗೆ ಇಳಿದಿತ್ತು, ಅದರ ಪಾಲೂ ಇದರಲ್ಲಿದೆ.

ಎಲ್ಲ ಒಡಕೂ ಫಂಗಸ್ ಅಲ್ಲ. ಎರಡೂ ಹಿಮ್ಮಡಿ ಒಂದೇ ಥರ ಒಣಗಿ, ಉಗುರು ಚೆನ್ನಾಗಿದ್ದು, ಯೂರಿಯಾ ಹಚ್ಚಿದ ಎರಡು ಮೂರು ವಾರಕ್ಕೆ ಮೆತ್ತಗಾದರೆ ಬಹುಶಃ ಅದು ಬರೀ ಒಣ ಚರ್ಮ. ಬಿರುಕಿನ ಸುತ್ತ ಕೆಂಪು ಹಬ್ಬಿದರೆ, ಬಿಸಿಯಾದರೆ, ಊದಿದರೆ, ವಾಸನೆ ಅಥವಾ ಕೀವು ಬಂದರೆ ಈ ಯಾವ ಕ್ರಮವೂ ಬೇಡ, ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಪಾದದ ರಕ್ತ ಓಟ ಕಮ್ಮಿ ಇರುವವರು ಉಗುರನ್ನೂ ತಾವೇ ಮುಟ್ಟಬೇಡಿ.

ಈಗ ಆ ಗೀರು ಉಗುರಿನ ತುದಿ ಮುಟ್ಟಲು 2 ಮಿ.ಮೀ. ಇದೆ. ಹಿಂದಿರುವುದೆಲ್ಲ ತಿಳಿ ಗುಲಾಬಿ. ಮೊನ್ನೆ ಭಾವ ತಮ್ಮ ಬಲಗಾಲು ಮುಂದೆ ಚಾಚಿ, ‘ಇದರಲ್ಲೂ ಆ ಬಿಳಿ ಪುಡಿ ಇದೆಯಾ ನೋಡಿ’ ಅಂದರು. ಇತ್ತು. ಅವರ ಕ್ರೀಮ್ ನಿಲ್ಲಿಸಿದ್ದೇನೆ, ಮೂರು ವಾರ ಆದ ಮೇಲೆ ಕೆರೆಸಲು ಕರೆದುಕೊಂಡು ಹೋಗುತ್ತೇನೆ.